ಅಮೆರಿಕಕ್ಕೆ ಕಳಿಸೋ ಫೋಟೋದಲ್ಲಿ ಸುಕ್ಕು ತೆಗಿ ಅಂತಿದ್ದಾರೆ ಅಜ್ಜಿ. ಎಷ್ಟು ತೆಗೀಬೇಕು?

ಮೂಡಿಗೆರೆ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಫೋಟೋ ಕೆಲಸ ಗೊತ್ತಿರೋರು ಸ್ವಲ್ಪ ದಾರಿ ತೋರಿಸಿ.

ನಮ್ಮ ಚಿಕ್ಕಪ್ಪ ನ್ಯೂಜೆರ್ಸಿಯಲ್ಲಿದ್ದಾರೆ. ಹೊಸ ಮನೆ ತಗೊಂಡಿದ್ದಾರೆ. ಅದರ ಹಾಲ್‌ನಲ್ಲಿ ಹಾಕೋದಕ್ಕೆ ತಾತ, ಅಜ್ಜಿ ಇಬ್ಬರೂ ಇರೋ ದೊಡ್ಡ ಫೋಟೋ ಬೇಕಂತೆ. ಇಬ್ಬರೂ ಜೊತೆಗೆ ಕೂತು ತೆಗೆಸಿಕೊಂಡಿದ್ದು ನಮ್ಮ ಮನೆಯಲ್ಲಿ ಒಂದೂ ಇಲ್ಲ. ತಾತನದು 1984ರಲ್ಲಿ ಚಿಕ್ಕಮಗಳೂರಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪು ಫೋಟೋ ಇದೆ. ಆಗ ಅವರಿಗೆ ಐವತ್ತರ ಹತ್ತಿರ. ಈಗ ಅವರಿಲ್ಲ. ಅಜ್ಜಿಗೆ ಈಗ 81. ಅವರದು ಮೊನ್ನೆ ಮಳೆ ಬಿಟ್ಟು ಬಿಸಿಲು ಬಂದಾಗ ಕಾಫಿ ಕಣದಲ್ಲಿ ಕುರ್ಚಿ ಹಾಕಿ ಫೋನಲ್ಲಿ ತೆಗೆದೆ.

ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇದೇನೋ ಮಗ, ನಾನು ನಿಮ್ಮ ತಾತನ ಅವ್ವನ ಥರ ಕಾಣ್ತೀನಲ್ಲೋ. ಈ ಸುಕ್ಕೆಲ್ಲ ತೆಗೆದು ಕಳಿಸು. ಅವನ ಮನೆಗೆ ಬಂದೋರು ಏನು ತಿಳ್ಕೋತಾರೆ?" ಅಂದರು.

ಫೋನಿನಲ್ಲೇ ಮುಖ ನುಣ್ಣಗೆ ಮಾಡೋ ಆಯ್ಕೆ ಇತ್ತು, ಅದನ್ನು ಒತ್ತಿದೆ. ಸುಕ್ಕು ಹೋಯ್ತು. ಜೊತೆಗೆ ಅಜ್ಜಿ ಹಣೆ ಮೇಲಿನ ಹಚ್ಚೆಯೂ ಹೋಯ್ತು. ಅಜ್ಜಿ ಮೊದಲು ಕೇಳಿದ್ದೇ ಅದನ್ನ. "ನನ್ನ ಹಚ್ಚೆ ಎಲ್ಲೋ?" ಅಂತ. ಹಾಗಾಗಿ ಅದು ಬೇಡ.

ನನಗೆ ಬೇಕಾಗಿರೋದು ಇಷ್ಟು. ಅಜ್ಜಿ ಅಜ್ಜಿಯಾಗೇ ಕಾಣಬೇಕು, ಆದ್ರೆ ತಾತನ ಪಕ್ಕ ಅವ್ವನ ಥರ ಕಾಣಬಾರದು. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಫೋಟೋ ತಿದ್ದೋ ಜಿಂಪ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ.

ನೇರಮಾತು

ಏನೂ ತೆಗೀಬೇಡಿ. 81 ವರ್ಷದ ಮುಖ 81 ವರ್ಷದ ಹಾಗೇ ಇರಬೇಕು. ಮಗನಿಗೆ ತನ್ನ ತಾಯಿ ಹೇಗಿದ್ದಾಳೆ ಅಂತ ಗೊತ್ತಾಗೋದು ಬೇಡವಾ?

ಆಲೂರು ಹುಡುಗ

ಫ್ಲ್ಯಾಷ್ ಹಾಕಿ ಎದುರಿಂದ ತೆಗಿ ಬ್ರೋ. ಸುಕ್ಕು ಕಾಣೋದೇ ಇಲ್ಲ. ನಮ್ಮ ಮನೆ ನಾಮಕರಣದಲ್ಲಿ ತೆಗೆದ ಫೋಟೋದಲ್ಲಿ ನಮ್ಮಜ್ಜಿ ಹತ್ತು ವರ್ಷ ಚಿಕ್ಕವರಾಗಿದ್ದರು.

ಕಡೂರು ಟ್ರಾವೆಲ್ಸ್

ದಯವಿಟ್ಟು ಯಾವುದೇ ಎಡಿಟ್ ಮಾಡಬೇಡಿ! ಅಮೆರಿಕ ವೀಸಾ ಫೋಟೋದಲ್ಲಿ ಮುಖ ತಿದ್ದಿದ್ದರೆ ಒಪ್ಪಲ್ಲ. 2 ಇಂಚು x 2 ಇಂಚು, ಬಿಳಿ ಹಿನ್ನೆಲೆ, 6 ತಿಂಗಳ ಒಳಗೆ ತೆಗೆದಿರಬೇಕು. ಕನ್ನಡಕ ಹಾಕೋ ಹಾಗಿಲ್ಲ, 2016ರ ನವೆಂಬರ್‌ನಿಂದ ಅದು ನಿಯಮ. ವಯಸ್ಸಾದವರ ಫೋಟೋ ವಾಪಸ್ ಬಂದರೆ ಮತ್ತೆ ಓಡಾಟ, ಸುಮ್ನೆ ತೊಂದರೆ.

ಮೂಡಿಗೆರೆ ಮೊಮ್ಮಗ

ವೀಸಾಗೆ ಅಲ್ಲ ಸರ್, ಗೋಡೆಗೆ ಹಾಕೋ ಫೋಟೋ. ಅಜ್ಜಿ ಎಲ್ಲಿಗೂ ಹೋಗುತ್ತಿಲ್ಲ. ಬಾಳೆಹೊನ್ನೂರು ದಾಟೋದಕ್ಕೇ ಒಪ್ಪಲ್ಲ ಅವರು.

ಕಡೂರು ಟ್ರಾವೆಲ್ಸ್

ಓ ಸರಿ ಸರಿ. ಆದರೂ ಯಾವತ್ತಾದರೂ ವೀಸಾಗೆ ಬೇಕಾದರೆ ಈ ತಿದ್ದಿದ ಫೋಟೋ ಕೊಡಬೇಡಿ ಅಂತ ಮನೆಯವರಿಗೆ ಹೇಳಿಟ್ಟಿರಿ. ನಮ್ಮ ಹತ್ತಿರ ಬರೋರು ಗೋಡೆ ಫೋಟೋವನ್ನೇ ಕತ್ತರಿಸಿ ತರುತ್ತಾರೆ.

ಹಾಸನ ಹಳೇ ಸ್ಟುಡಿಯೋ

ನಾನು ಹಾಸನದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದವನು. ಈಗ ಮಗ ನೋಡಿಕೊಳ್ಳುತ್ತಾನೆ. ಹುಡುಗ ಕೇಳಿರೋದು ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿನ್ನ ತಾತನ ಫೋಟೋ ನೋಡು ಮಗ. ಐವತ್ತು ವರ್ಷದ ರೈತ, ದಿನವಿಡೀ ಬಿಸಿಲು ಮಳೆ ಕಂಡವರು. ಅವರ ಹಣೆಯಲ್ಲಿ ಒಂದು ಗೆರೆಯೂ ಇಲ್ಲ ಅಲ್ವಾ? ಕಣ್ಣ ಕೆಳಗೆ ಕಪ್ಪೂ ಇರಲಿಕ್ಕಿಲ್ಲ. ಅದು ಅವರ ಚರ್ಮ ಅಲ್ಲ, ಪೆನ್ಸಿಲ್ ಕೆಲಸ. ಆ ಕಾಲಕ್ಕೆ ಸ್ಟುಡಿಯೋದಲ್ಲಿ ತೆಗೆದ ಮುಖದ ಫೋಟೋಗಳನ್ನು ನೆಗೆಟಿವ್ ಮೇಲೇ ತಿದ್ದುತ್ತಿದ್ದೆವು. ಸುಕ್ಕು ಅಂದರೆ ಪ್ರಿಂಟಿನಲ್ಲಿ ಕಪ್ಪು ಗೆರೆ. ನೆಗೆಟಿವ್‌ನಲ್ಲಿ ಅದು ಉಲ್ಟಾ, ಬೆಳಕು ದಾಟೋ ತೆಳು ಗೆರೆ. ಆ ತೆಳು ಜಾಗಕ್ಕೆ ಪೆನ್ಸಿಲ್ ತುಂಬಿದರೆ ಅಲ್ಲಿ ಬೆಳಕು ಕಮ್ಮಿ ಇಳಿಯುತ್ತದೆ, ಪ್ರಿಂಟಿನಲ್ಲಿ ಗೆರೆ ಬೆಳ್ಳಗಾಗುತ್ತದೆ.

ಅದಕ್ಕೆ ಓರೆ ಮೇಜು ಇರುತ್ತಿತ್ತು, ಕೆಳಗೆ ಕನ್ನಡಿ, ಮೇಲೆ ನೆಗೆಟಿವ್. ಪೆನ್ಸಿಲ್ ಹಿಡಿಯಲಿ ಅಂತ ಮೊದಲು ಒಂದು ಎಣ್ಣೆಯಂಥ ದ್ರಾವಣ ಸವರುತ್ತಿದ್ದೆವು. ಗಟ್ಟಿ ಪೆನ್ಸಿಲನ್ನು ಉಪ್ಪುಕಾಗದದಲ್ಲಿ ಉಜ್ಜಿ ಸೂಜಿ ಮೊನೆ ಮಾಡಿಕೊಂಡು ಸಣ್ಣ ಸಣ್ಣ ಅಲ್ಪವಿರಾಮದ ಹಾಗೆ ಎಳೆಯೋದು. ಪೂರ್ತಿ ತುಂಬಬಾರದು ಅಂತ ನನ್ನ ಗುರುಗಳು ಕೈ ಮೇಲೆ ಹೊಡೆದು ಕಲಿಸಿದರು. ತುಂಬಿದರೆ ಮುಖ ಬೊಂಬೆಯಾಗುತ್ತದೆ.

ಎರಡನೇ ಮಾತು. ಈಗಿನ ಫೋನು ತೆಗೆದ ಕೂಡಲೇ ತಾನೇ ಚಿತ್ರವನ್ನು ಚೂಪು ಮಾಡುತ್ತದೆ. ನೆರಳನ್ನು ಎತ್ತಿ, ಪ್ರತಿ ಗೆರೆಯ ಅಂಚನ್ನೂ ಒತ್ತಿ ತೋರಿಸುತ್ತದೆ. ನೀನು ಪಕ್ಕ ಪಕ್ಕ ಇಟ್ಟಿರೋದು ತಿದ್ದಿದ, ಮೃದುವಾದ ಒಂದು ಫೋಟೋ ಮತ್ತು ತಿದ್ದದ, ಅತಿ ಚೂಪಾದ ಇನ್ನೊಂದು ಫೋಟೋ. ಅಜ್ಜಿ ಅವ್ವನ ಥರ ಕಂಡಿದ್ದರಲ್ಲಿ ವಯಸ್ಸಿನ ಪಾಲು ಇದೆ. ಆದರೆ ಅಷ್ಟೇ ಪಾಲು ಇದರದ್ದೂ ಇದೆ.

ಮೂರನೆಯದು ಬೆಳಕು. ಕಣದಲ್ಲಿ ಮಧ್ಯಾಹ್ನ ತೆಗೆದಿದ್ದೀಯ. ನೆತ್ತಿ ಮೇಲಿನ ಬಿಸಿಲು ಹುಬ್ಬಿನ ಕೆಳಗೆ, ಮೂಗಿನ ಪಕ್ಕ, ಗಲ್ಲದ ಕೆಳಗೆ ನೆರಳು ಬೀಳಿಸುತ್ತದೆ. ಸುಕ್ಕು ಅನ್ನೋದು ಚರ್ಮದ ಮಡಿಕೆ. ಮಡಿಕೆ ಕಾಣೋದು ಅದರ ನೆರಳಿನಿಂದ. ತಿದ್ದೋದಕ್ಕೆ ಕೂರೋ ಮೊದಲು ಇನ್ನೊಂದು ಸಲ ತೆಗಿ.

ಮೂಡಿಗೆರೆ ಮೊಮ್ಮಗ

ಸರ್, ತಾತನ ಫೋಟೋವನ್ನು ಭೂತಗನ್ನಡಿ ಹಿಡಿದು ಈಗ ನೋಡಿದೆ. ಹಣೆಯಲ್ಲಿ ಸಣ್ಣ ಸಣ್ಣ ಗೀರಿನ ಥರ ನಿಜವಾಗಲೂ ಕಾಣುತ್ತದೆ. ಅಜ್ಜಿಗೆ ಹೇಳಿದೆ. "ಓಹೋ, ಅವರದ್ದೂ ತಿದ್ದಿದ್ದೇ ಹಂಗಾರೆ!" ಅಂತ ಬಹಳ ಖುಷಿ ಆಯ್ತು ಅವರಿಗೆ.

ಬೇಲೂರು ಸುಮಕ್ಕ

ಅಲ್ಲಿಗೆ ನ್ಯಾಯ ಆಯ್ತು. ಗಂಡಂದು ತಿದ್ದಬಹುದು, ಹೆಂಡತಿದು ತಿದ್ದಬಾರದು ಅನ್ನೋದು ಯಾವ ಲೆಕ್ಕ @ನೇರಮಾತು ಅವರೇ?

ನೇರಮಾತು

ನಾನು ಹಾಗೆ ಹೇಳಲಿಲ್ಲ. ತಾತನ ಕಾಲಕ್ಕೆ ಸ್ಟುಡಿಯೋದವರು ಕೇಳದೆ ಮಾಡಿದರು. ಈಗ ನಾವು ಗೊತ್ತಿದ್ದೂ ಮಾಡುತ್ತಿದ್ದೇವೆ. ಬೇಕಾದರೆ ತಾತನ ಫೋಟೋ ಹಾಗಿದ್ದರೂ ಅಜ್ಜಿದು ನಿಜ ಇರಲಿ. ಮುಂದಿನ ಮಕ್ಕಳು ನೋಡಿದಾಗ ಅಜ್ಜಿ ಹೀಗಿದ್ದರು ಅಂತ ತಿಳಿಯಬೇಕು.

ಹಾಸನ ಹಳೇ ಸ್ಟುಡಿಯೋ

ಕೇಳದೆ ಮಾಡಲಿಲ್ಲ ಸ್ವಾಮಿ. ಗಿರಾಕಿ ಒಳಗೆ ಬರುವಾಗಲೇ "ಚೆನ್ನಾಗಿ ಬರೋ ಹಾಗೆ ಮಾಡಿ" ಅನ್ನುತ್ತಿದ್ದರು. ತಿದ್ದದೆ ಕೊಟ್ಟರೆ "ಇದು ನಾನಲ್ಲ" ಅಂತ ವಾಪಸ್ ತರುತ್ತಿದ್ದರು.

ಆಲೂರು ಹುಡುಗ

ನನ್ನ ಫ್ಲ್ಯಾಷ್ ಐಡಿಯಾಗೆ ಯಾರೂ ಉತ್ತರ ಕೊಡಲಿಲ್ಲ 😀

ಹಾಸನ ಹಳೇ ಸ್ಟುಡಿಯೋ

ಅರ್ಧ ಸರಿ ಮಗ. ಬೆಳಕು ಎದುರಿಂದ ಬಂದರೆ ಮಡಿಕೆಗೆ ನೆರಳು ಬೀಳಲ್ಲ, ಸುಕ್ಕು ತಗ್ಗುತ್ತದೆ, ಅದು ನಿಜ. ಆದರೆ ಫೋನಿನ ಫ್ಲ್ಯಾಷ್ ತುಂಬಾ ಚಿಕ್ಕದು, ಬೆಳಕು ಗಟ್ಟಿ. ಎಣ್ಣೆ ಹಚ್ಚಿದ ಹಣೆ ಬೆಳ್ಳಗೆ ಹೊಳೆಯುತ್ತದೆ, ಕನ್ನಡಕದಲ್ಲಿ ಚುಕ್ಕೆ ಬೀಳುತ್ತದೆ, ಮುಖ ಚಪ್ಪಟೆ ಆಗುತ್ತದೆ. ಎದುರಿನ ಬೆಳಕು ಬೇಕು, ಆದರೆ ಅದು ದೊಡ್ಡದಾಗಿರಬೇಕು. ಮಲೆನಾಡಿನ ಮಳೆಗಾಲದ ಮೋಡಕ್ಕಿಂತ ದೊಡ್ಡ ದೀಪ ಯಾವ ಸ್ಟುಡಿಯೋದಲ್ಲೂ ಇಲ್ಲ. ಜಗಲಿ ಮೇಲೆ, ಸೂರಿನಿಂದ ಒಂದೆರಡು ಅಡಿ ಒಳಗೆ ಅಜ್ಜಿಯನ್ನು ಅಂಗಳದ ಕಡೆಗೆ ಮುಖ ಮಾಡಿ ಕೂರಿಸು. ಮೇಲಿನ ಬೆಳಕನ್ನು ಸೂರು ತಡೆಯುತ್ತದೆ, ಎದುರಿನ ಬೆಳಕು ಮಾತ್ರ ಬರುತ್ತದೆ. ಮಡಿಲಲ್ಲಿ ಒಂದು ಬಿಳಿ ಪಂಚೆ ಹರಡು, ಫೋಟೋದಲ್ಲಿ ಕಾಣದ ಹಾಗೆ. ಅದರಿಂದ ಬೆಳಕು ತಿರುಗಿ ಗಲ್ಲದ ಕೆಳಗೆ, ಕಣ್ಣ ಕೆಳಗೆ ಬೀಳುತ್ತದೆ.

ಫೋನ್ ಮುಖದ ಹತ್ತಿರ ಹಿಡಿಯಬೇಡ. ಐದಾರು ಅಡಿ ಹಿಂದೆ ಬಂದು 2xನಲ್ಲಿ ತೆಗಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದ ಹಾಗೆ ಬರುತ್ತದೆ. ತಾತನದನ್ನು ದೂರದಿಂದಲೇ ತೆಗೆದಿರುತ್ತಾರೆ, ಎರಡೂ ಹೊಂದೋದಿಲ್ಲ.

ಇನ್ನೊಂದು ಮುಖ್ಯ. ತಾತನ ಫೋಟೋದಲ್ಲಿ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡು. ಅಜ್ಜಿಯ ಮುಖದಲ್ಲೂ ಅದೇ ಕಡೆ ಸ್ವಲ್ಪ ಬೀಳಬೇಕು. ಇಲ್ಲದಿದ್ದರೆ ಎಷ್ಟು ತಿದ್ದಿದರೂ ಅಂಟಿಸಿದ್ದು ಅಂತ ಗೊತ್ತಾಗುತ್ತದೆ.

ಕೊಪ್ಪದ ಕಮಲಮ್ಮ

ನನ್ನದೊಂದು ಮಾತು. ತೀರಿಹೋದವರ ಜೊತೆ ಬದುಕಿರೋರ ಫೋಟೋ ಒಂದೇ ಕಟ್ಟಿನಲ್ಲಿ ಹಾಕಬಾರದು ಅಂತ ನಮ್ಮಲ್ಲಿ ಹೇಳುತ್ತಾರೆ. ಮನೆಯಲ್ಲಿ ಹಿರಿಯರನ್ನು ಕೇಳಿದ್ದೀರಾ?

ಮೂಡಿಗೆರೆ ಮೊಮ್ಮಗ

ಅಜ್ಜಿಯೇ ನಮ್ಮ ಮನೆ ಹಿರಿಯರು ಅಮ್ಮ. ಅವರೇ ಒಪ್ಪಿದ್ದಾರೆ. ಹಾರ ಹಾಕಬಾರದು ಅಂತ ಮಾತ್ರ ಚಿಕ್ಕಪ್ಪನಿಗೆ ಹೇಳಿದ್ದಾರೆ.

ಕೊಪ್ಪದ ಕಮಲಮ್ಮ

ಅವರು ಒಪ್ಪಿದರೂ ನನಗೆ ಸರಿ ಕಾಣಲ್ಲ. ಎರಡು ಬೇರೆ ಕಟ್ಟು ಹಾಕಿಸಿ ಪಕ್ಕ ಪಕ್ಕ ತೂಗು ಹಾಕಿದರೆ ಆಗಲ್ವಾ?

ಬೇಲೂರು ಸುಮಕ್ಕ

ಗಂಡ ಹೆಂಡತಿ ಜೊತೆಗಿರೋ ಮದುವೆ ಫೋಟೋ ಇದ್ದಿದ್ದರೆ ಗೋಡೆಗೆ ಹಾಕುತ್ತಿರಲಿಲ್ವಾ ಕಮಲಮ್ಮ? ಅದರಲ್ಲೂ ಒಬ್ಬರು ಇಲ್ಲ, ಒಬ್ಬರು ಇದ್ದಾರೆ. ಇದೂ ಹಾಗೇ.

ಕೊಪ್ಪದ ಕಮಲಮ್ಮ

ಅದು ಬೇರೆ. ಅದು ಇಬ್ಬರೂ ಬದುಕಿದ್ದಾಗ ತೆಗೆದದ್ದು.

ದೂರದೂರಿನವನು

ನಾನು ಸಕಲೇಶಪುರದವನು, ಹಲವು ವರ್ಷದಿಂದ ಮೆಲ್ಬೋರ್ನ್‌ನಲ್ಲಿದ್ದೇನೆ. ಫೋಟೋ ಪಡೆಯೋ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ನಮ್ಮಮ್ಮನ ಫೋಟೋಗಳನ್ನು ಅಣ್ಣನ ಮಗಳು ಕಳಿಸುತ್ತಿದ್ದಳು. ಎಲ್ಲವೂ ನುಣುಪು, ಬೆಳ್ಳಗೆ. ಅವಳ ಫೋನಿನಲ್ಲಿ ಆ ಬ್ಯೂಟಿ ಯಾವಾಗಲೂ ಆನ್ ಇರುತ್ತಿತ್ತು. ಅವಳಿಗೂ ಅದರ ಕಡೆ ಗಮನ ಇರಲಿಲ್ಲ. ಅಮ್ಮ ಚೆನ್ನಾಗಿದ್ದಾರೆ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಊರಿಗೆ ಬಂದು ಬಾಗಿಲಲ್ಲಿ ಅಮ್ಮನನ್ನು ನೋಡಿದಾಗ ಮಾತು ಹೊರಡಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಕೆಳಗಿನ ಹಲ್ಲುಗಳು ಇರಲಿಲ್ಲ. ಸರಿಯಾಗಿ ಅಗಿಯೋದಕ್ಕೆ ಆಗದೆ ಗಂಜಿ ಕುಡಿದುಕೊಂಡಿದ್ದರು. ನನಗೆ ಯಾರೂ ಹೇಳಿರಲಿಲ್ಲ, ಅಮ್ಮನೇ ಹೇಳಬೇಡಿ ಅಂದಿದ್ದರು. ಫೋಟೋ ಸರಿ ಇದ್ದಿದ್ದರೆ ನಾನೇ ಕಂಡುಹಿಡಿಯುತ್ತಿದ್ದೆ.

ಹಾಗಾಗಿ ಮೊಮ್ಮಗನಿಗೆ ನನ್ನ ಕೋರಿಕೆ. ಗೋಡೆಗೆ ಅಜ್ಜಿ ಹೇಳಿದ್ದನ್ನೇ ಕಳಿಸಿ. ಜೊತೆಗೆ ತಿದ್ದದ ಫೋಟೋವನ್ನೂ ಚಿಕ್ಕಪ್ಪನಿಗೆ ಬೇರೆಯಾಗಿ ಕಳಿಸಿ.

ನೇರಮಾತು

ನಾನು ಹೇಳುತ್ತಿದ್ದದ್ದು ಇದನ್ನೇ.

ಬೇಲೂರು ಸುಮಕ್ಕ

ಆದರೆ ಅಮ್ಮ ಹೇಗಿದ್ದಾರೆ ಅಂತ ತಿಳಿಯೋದಕ್ಕೆ ಫೋಟೋನೇ ಬೇಕಾ? ವಿಡಿಯೋ ಕಾಲ್ ಮಾಡಿ, ಊಟ ಏನು ಮಾಡಿದೆ ಅಂತ ಕೇಳಿ. ಮಗ ವಿಚಾರಿಸದೇ ಇದ್ದದ್ದಕ್ಕೆ ಅಜ್ಜಿ ಸುಕ್ಕು ಇಟ್ಟುಕೊಳ್ಳಬೇಕಾ? ಕಟುವಾಗಿ ಹೇಳುತ್ತಿದ್ದರೆ ಕ್ಷಮಿಸಿ.

ದೂರದೂರಿನವನು

ವಾರ ವಾರ ವಿಡಿಯೋ ಕಾಲ್ ಮಾಡುತ್ತಿದ್ದೆ ಅಕ್ಕ. ಅಮ್ಮ ಫೋನನ್ನು ಹಣೆಗೆ ಹಿಡಿದುಕೊಳ್ಳುತ್ತಿದ್ದರು, ನನಗೆ ಕಾಣುತ್ತಿದ್ದದ್ದು ಬೈತಲೆ ಮತ್ತು ಮನೆ ಹೆಂಚು. ಗುಡ್ಡದ ಮನೆ, ಸಿಗ್ನಲ್ಲೂ ಅಷ್ಟಕ್ಕಷ್ಟೆ.

ಬೇಲೂರು ಸುಮಕ್ಕ

ಸರಿ, ಅದು ನಮ್ಮ ಮನೆಯಲ್ಲೂ ಹಾಗೇ. ನಿಮ್ಮ ಬೇಸರ ಅರ್ಥ ಆಯ್ತು.

ಕಾಫಿ ಕಣ

ಮೂಡಿಗೆರೆ ಕಡೆ ಈಗ ಮಳೆ ಹೇಗಿದೆ? ನಮ್ಮಲ್ಲಿ ಮೆಣಸಿನ ಬಳ್ಳಿಗೆ ಕೊಳೆ ಶುರು ಆಗಿದೆ. ಬೋರ್ಡೋ ಹೊಡೆಯೋದಕ್ಕೂ ಬಿಡುತ್ತಿಲ್ಲ.

ಮೂಡಿಗೆರೆ ಮೊಮ್ಮಗ

ಬಿಟ್ಟೂ ಬಿಟ್ಟೂ ಬರ್ತಿದೆ ಅಣ್ಣ. ಆ ಮೋಡವೇ ಕೆಲಸಕ್ಕೆ ಬಂತು. ಸ್ಟುಡಿಯೋ ಸರ್ ಹೇಳಿದ ಹಾಗೆ ಜಗಲಿಯಲ್ಲಿ ಮತ್ತೆ ತೆಗೆದೆ. ಮಡಿಲಿಗೆ ಪಂಚೆ ಹಾಕಿದ್ದಕ್ಕೆ ಅಜ್ಜಿ "ಕ್ಷೌರ ಮಾಡ್ತೀಯೇನೋ" ಅಂದರು.

ವ್ಯತ್ಯಾಸ ನಂಬೋದಕ್ಕೆ ಆಗಲ್ಲ. ಕಣ್ಣು ಕಾಣಿಸುತ್ತಿದೆ! ಕಣದಲ್ಲಿ ತೆಗೆದದ್ದರಲ್ಲಿ ಹುಬ್ಬಿನ ಕೆಳಗೆ ಎರಡು ಕಪ್ಪು ಗುಂಡಿ ಇದ್ದವು. ಇನ್ನೂ ಏನೂ ತಿದ್ದಿಲ್ಲ. ಹಲ್ಲುಸೆಟ್ಟನ್ನೂ ಹಾಕಿಸಿದೆ, ಅಜ್ಜಿ ಅದನ್ನು ಮದುವೆಗೆ ಮಾತ್ರ ಹಾಕೋದು. ಅದು ಹಾಕಿದ ಕೂಡಲೇ ಬಾಯಿ ಸುತ್ತಲಿನ ಗೆರೆಗಳು ತಾವೇ ಸಡಿಲ ಆದವು.

ಈಗ ಎಲ್ಲಿಂದ ಶುರು ಮಾಡಲಿ?

ಹಾಸನ ಹಳೇ ಸ್ಟುಡಿಯೋ

ಭೇಷ್. ಈಗ ಬಣ್ಣ ತೆಗೆಯೋದು. ತಾತನದು ಕಪ್ಪು ಬಿಳುಪು, ಅಜ್ಜಿದೂ ಹಾಗೇ ಆಗಬೇಕು. ಆದರೆ ಸುಮ್ನೆ ಬಣ್ಣ ತೆಗೆಯೋ ಗುಂಡಿ ಒತ್ತಬೇಡ. ಯಾವ ಬಣ್ಣ ಎಷ್ಟು ಬೆಳ್ಳಗಾಗಬೇಕು ಅಂತ ನೀನೇ ಹೇಳು. ನಮ್ಮ ಚರ್ಮದಲ್ಲಿ ಕೆಂಪಿನ ಪಾಲು ಜಾಸ್ತಿ. ಚಿತ್ರದ ಕೆಂಪು ಪಾಲನ್ನು ಮಾತ್ರ ನೋಡಿದರೆ ಚರ್ಮ ತಿಳಿಯಾಗಿ, ಕಂದು ಕಲೆಗಳು ಮಸುಕಾಗಿ ಕಾಣುತ್ತವೆ. ನೀಲಿ ಪಾಲನ್ನು ಮಾತ್ರ ನೋಡಿದರೆ ಪ್ರತಿ ಕಲೆ, ಪ್ರತಿ ಗೆರೆ ಎದ್ದು ಬರುತ್ತದೆ. ಜಿಂಪ್ ನಾನು ಬಳಸಿಲ್ಲ, ಮಗ ಬಳಸೋದು ಬೇರೆ. ಅದರಲ್ಲಿ ಎಲ್ಲಿದೆ ಅಂತ ಗೊತ್ತಿರೋರು ಹೇಳಿ.

ಅರಸೀಕೆರೆ ಲಿನಕ್ಸ್

ಜಿಂಪ್‌ನಲ್ಲಿ ಇದೆ. `Colors > Desaturate > Mono Mixer` ಗೆ ಹೋಗಿ. ಅಲ್ಲಿ ಮೂರು ಬಣ್ಣದ ಅಳತೆ ಬರುತ್ತದೆ. ಕೆಂಪಿಗೆ 0.7, ಹಸಿರಿಗೆ 0.3, ನೀಲಿಗೆ 0 ಇಟ್ಟು ಶುರು ಮಾಡಿ. ಮೂರೂ ಕೂಡಿದರೆ 1ರ ಹತ್ತಿರ ಇರಲಿ, ಜಾಸ್ತಿ ಆದರೆ ಚಿತ್ರ ಬೆಳ್ಳಗೆ ಸುಟ್ಟ ಹಾಗೆ ಆಗುತ್ತದೆ. ಮೂಲ ಫೈಲನ್ನು ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ.

ಬೇಲೂರು ಸುಮಕ್ಕ

ಇದೇ ಮಾಡಿಸಿದಾಗ ನಮ್ಮಮ್ಮನ ಕುಂಕುಮ ಮಾಯ ಆಗಿತ್ತು! ಅಗಲ ಕುಂಕುಮ ಇಡೋರು. ಫೋಟೋದಲ್ಲಿ ಬರಿ ಹಣೆ. ಅಮ್ಮ ಅದನ್ನು ನೋಡಿ ಊಟ ಬಿಟ್ಟು ಕೂತಿದ್ದರು. ಆಮೇಲೆ ಅಂಗಡಿಯವರು ಕಪ್ಪು ಚುಕ್ಕೆ ಇಟ್ಟು ಕೊಟ್ಟರು, ಅದು ಕುಂಕುಮದ ಹಾಗೆ ಇರಲೇ ಇಲ್ಲ. ಯಾಕೆ ಹಾಗಾಯ್ತು ಅಂತ ಈಗ ಗೊತ್ತಾಯ್ತು.

ಹಾಸನ ಹಳೇ ಸ್ಟುಡಿಯೋ

ಹೌದಮ್ಮ, ಅದೇ ಕಾರಣ. ಕೆಂಪನ್ನು ಬೆಳ್ಳಗೆ ಮಾಡಿದರೆ ಕುಂಕುಮ, ತುಟಿ, ಸೀರೆಯ ಕೆಂಪು ಅಂಚು ಎಲ್ಲ ತೆಳುವಾಗುತ್ತವೆ. ಅದಕ್ಕೆ ಕುಂಕುಮ ಇರೋ ಜಾಗದಲ್ಲಿ ಹಸಿರು ಪಾಲು ಹೆಚ್ಚಿಟ್ಟ ಇನ್ನೊಂದು ಪ್ರತಿ ಮಾಡಿ, ಆ ಭಾಗ ಮಾತ್ರ ಅದರಿಂದ ತಗೊಳ್ಳಬೇಕು. ಹಸಿರಿನಲ್ಲಿ ಕೆಂಪು ಕಪ್ಪಾಗಿ ಬರುತ್ತದೆ. ಕುಂಕುಮದ ಆಕಾರ, ಅಂಚು ಎಲ್ಲ ಅವರದ್ದೇ ಉಳಿಯುತ್ತದೆ.

ಮೊಮ್ಮಗನಿಗೆ ಒಂದು ಅನುಕೂಲ ಇದೆ. ಹಚ್ಚೆ ಹಸಿರು ನೀಲಿ. ಕೆಂಪು ಪಾಲಿನಲ್ಲಿ ಅದು ಇನ್ನೂ ಕಪ್ಪಾಗಿ ಕಾಣುತ್ತದೆ. ಸುಕ್ಕಿನ ಕಂದು ಇಳಿಯುತ್ತದೆ, ಹಚ್ಚೆ ಎದ್ದು ನಿಲ್ಲುತ್ತದೆ.

ಮೂಡಿಗೆರೆ ಮೊಮ್ಮಗ

ಮಾಡಿದೆ ಸರ್. 0.7, 0.3, 0. ಹಚ್ಚೆಯ ಮೂರು ಚುಕ್ಕೆ, ಕೆಳಗಿನ ಗೆರೆ ಎಲ್ಲ ಸ್ಪಷ್ಟ. ಬರಿಗಣ್ಣಲ್ಲಿ ಅಷ್ಟು ಕಾಣುತ್ತಿರಲಿಲ್ಲ. ಅಜ್ಜಿ ಮುಟ್ಟಿ ಮುಟ್ಟಿ ನೋಡಿದರು. ಕೊರವಂಜಿ ಬಂದು ಹಾಕಿದ್ದು, ಅವರವ್ವ ಕೈ ಹಿಡಿದುಕೊಂಡು ಕೂರಿಸಿದ್ದು, ಹಾಕುವಾಗ ಹಾಡು ಹೇಳುತ್ತಿದ್ದದ್ದು ಎಲ್ಲ ಹೇಳಿದರು. ತುಟಿ ಮಾತ್ರ ತೀರಾ ಬೆಳ್ಳಗಾಗಿದೆ.

ಅರಸೀಕೆರೆ ಲಿನಕ್ಸ್

ಹಸಿರು ಹೆಚ್ಚಿಟ್ಟ ಪ್ರತಿಯನ್ನು ಕೆಳಗಿನ ಪದರದಲ್ಲಿಡಿ. ಮೇಲಿನ ಪದರಕ್ಕೆ ಮಾಸ್ಕ್ ಹಾಕಿ, ತುಟಿಯ ಮೇಲೆ ಬೂದು ಬಣ್ಣದ ಮೆತ್ತನೆ ಬ್ರಷ್ ಓಡಿಸಿ. ಅರ್ಧ ಕೆಳಗಿನದು, ಅರ್ಧ ಮೇಲಿನದು ಬೆರೆಯುತ್ತದೆ.

ಹಾಸನ ಹಳೇ ಸ್ಟುಡಿಯೋ

ಈಗ ಸುಕ್ಕಿಗೆ ಬಾ. ಮುಖದ ಪದರವನ್ನು ನಕಲು ಮಾಡು. ನಕಲಿನ ಮೇಲೆ ಗೆರೆಗಳನ್ನು ಹೀಲಿಂಗ್ ಉಪಕರಣದಿಂದ ಪೂರ್ತಿ ತೆಗಿ, ಹೆದರಬೇಡ. ಆಮೇಲೆ ಆ ಪದರದ `Opacity` ಯನ್ನು 40ಕ್ಕೆ ಇಳಿಸು. ಕೆಳಗಿನ ನಿಜವಾದ ಗೆರೆ ಅರ್ಧಕ್ಕಿಂತ ಹೆಚ್ಚು ತಿರುಗಿ ಬರುತ್ತದೆ. ಗೆರೆ ಇರುತ್ತದೆ, ಅದರ ಆಳ ಹೋಗುತ್ತದೆ. ನಾವು ಪೆನ್ಸಿಲ್‌ನಲ್ಲಿ ಮಾಡುತ್ತಿದ್ದದ್ದು ಇದನ್ನೇ. ಕೊನೆಗೆ ಮುಖವನ್ನು ಪರದೆ ತುಂಬ ಹಿಗ್ಗಿಸಿ ನೋಡಬೇಡ, ಪ್ರಿಂಟ್ ಆಗೋ ಅಳತೆಗೆ ತಂದು, ಮೂರಡಿ ಹಿಂದೆ ನಿಂತು ನೋಡು.

ಒಂದು ಎಚ್ಚರಿಕೆ. ಯಾವ ಗೆರೆ ಎಷ್ಟು ಅಂತ ನೀನೇ ತೀರ್ಮಾನ ಮಾಡಬೇಡ. ಅಜ್ಜಿಯನ್ನು ಪಕ್ಕ ಕೂರಿಸಿಕೊಂಡು ಕೇಳು. ನಾನು ಇಷ್ಟು ವರ್ಷದಲ್ಲಿ ಕಂಡದ್ದು, ಸುಕ್ಕು ತೆಗೀರಿ ಅನ್ನೋರು ಎಲ್ಲ ಸುಕ್ಕನ್ನೂ ಹೇಳುತ್ತಿರಲ್ಲ. ಒಂದೋ ಎರಡೋ ಇರುತ್ತದೆ ಅವರ ಮನಸ್ಸಿಗೆ ಬೇಡದ್ದು.

ಮೂಡಿಗೆರೆ ಮೊಮ್ಮಗ

ಸರ್, ನೀವು ಹೇಳಿದ್ದು ಹಾಗೇ ಆಯ್ತು. ರಾತ್ರಿ ಊಟ ಆದ ಮೇಲೆ ಅಜ್ಜಿ ಪಕ್ಕ ಕೂತರು. ಕಡ್ಡಿ ಹಿಡಿದು ತೋರಿಸಿದರು. ಎರಡು ಹುಬ್ಬಿನ ನಡುವೆ ನೆಟ್ಟಗೆ ಎರಡು ಗೆರೆ ಇವೆ. "ಇದು ತೆಗಿ. ಸಿಟ್ಟಿನ ಮುದುಕಿ ಥರ ಕಾಣುತ್ತೆ. ಸೊಸೆ ದಿನಾ ಇದನ್ನ ನೋಡ್ಕೊಂಡು ಓಡಾಡಬೇಕಾ?" ಅಂದರು. ಆಮೇಲೆ ಕತ್ತಿನ ಮಡಿಕೆ. ಅದಕ್ಕೆ ಸೆರಗು ಸ್ವಲ್ಪ ಮೇಲೆ ಹೊದ್ದು ತೆಗೆದಿದ್ದ ಇನ್ನೊಂದು ಫೋಟೋ ಇತ್ತು, ಅದನ್ನೇ ತಗೊಂಡೆವು. ಕೆನ್ನೆ, ಕಣ್ಣ ಪಕ್ಕದ್ದು ಕೇಳಿದರೆ "ಅದಿರಲಿ ಬಿಡು, ಅಷ್ಟೂ ತೆಗೆದರೆ ಊರವರು ನಗ್ತಾರೆ" ಅಂದರು.

ಹುಬ್ಬಿನ ನಡುವಿನದಕ್ಕೆ `Opacity` 70 ಇಟ್ಟೆ. ಉಳಿದ ಮುಖಕ್ಕೆ ಬೇರೆ ಪದರದಲ್ಲಿ 30. ಆಮೇಲೆ ತಾತನ ಪಕ್ಕ ಇಟ್ಟೆ. ಇನ್ನೂ ಏನೋ ಹೊಂದಲ್ಲ. ಅಜ್ಜಿ ಮುಂದೆ ಬಂದ ಹಾಗೆ, ತಾತ ಹಿಂದೆ ಸರಿದ ಹಾಗೆ.

ಹಾಸನ ಹಳೇ ಸ್ಟುಡಿಯೋ

ಅಜ್ಜಿ ಚೂಪಾಗಿದ್ದಾರೆ, ತಾತ ಮೃದು. ಅಜ್ಜಿಯ ಚಿತ್ರವನ್ನು ತೀರಾ ಸ್ವಲ್ಪ ಬ್ಲರ್ ಮಾಡು, ಸೀರೆಯ ನೇಯ್ಗೆ ತಾತನ ಕೋಟಿನ ನೇಯ್ಗೆಯಷ್ಟೇ ಕಾಣೋ ತನಕ. ಮುಖ ನೋಡಿ ಅಳೆಯಬೇಡ, ಬಟ್ಟೆ ನೋಡಿ ಅಳಿ. ಆಮೇಲೆ ತಾತನ ಫೋಟೋದಲ್ಲಿರೋ ಮರಳು ಮರಳು ಕಣವನ್ನು ಅಜ್ಜಿಯದಕ್ಕೂ ಸೇರಿಸು. ಕೊನೆಗೆ ಅತಿ ಕಪ್ಪು ಎಷ್ಟು ಕಪ್ಪು ಅಂತ ನೋಡು. ಹಳೇ ಪ್ರಿಂಟಿನ ಕಪ್ಪು ಮಾಸಿ ಬೂದಿಯಾಗಿರುತ್ತದೆ, ಫೋನಿನದು ಗಾಢ. ಅಜ್ಜಿಯ ತಲೆಕೂದಲಿನ ನೆರಳನ್ನು ತಾತನ ಕೋಟಿನ ಮಟ್ಟಕ್ಕೆ ಎತ್ತು.

ಮೂಡಿಗೆರೆ ಮೊಮ್ಮಗ

ಆಯ್ತು!! ಬಟ್ಟೆ ನೋಡಿ ಅಳೆಯೋದು ಎಂಥ ಒಳ್ಳೆ ಉಪಾಯ ಸರ್. ಕಣ ಸೇರಿಸಿದ ಮೇಲೆ ಅಜ್ಜಿ ಒಂದೇ ಸಲಕ್ಕೆ ತಾತನ ಕಾಲಕ್ಕೆ ಹೋದರು. ಸುಕ್ಕು ಇದೆ, ಬಿಳಿ ಕೂದಲಿದೆ. ಆದರೂ ಗಂಡ ಹೆಂಡತಿ ಅಂತ ಕಾಣುತ್ತಾರೆ.

ಅಜ್ಜಿಗೆ ತೋರಿಸಿದೆ. "ಹ್ಞೂಂ, ಈಗ ಅಕ್ಕ ತಮ್ಮ ಆದ್ವಿ. ಇಷ್ಟು ಸಾಕು" ಅಂದರು.

ಆಲೂರು ಹುಡುಗ

ಅಜ್ಜಿಗೆ ನನ್ನ ನಮಸ್ಕಾರ ಹೇಳು ಬ್ರೋ ❤️

ಅರಸೀಕೆರೆ ಲಿನಕ್ಸ್

ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ. ಮಾಮೂಲಿಯಾಗಿ ಕಳಿಸಿದರೆ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ, ನೀವು ಕೂತು ಸೇರಿಸಿದ ಕಣವೆಲ್ಲ ಕಲಸಿಹೋಗುತ್ತದೆ. `Document` ಅಂತ ಆರಿಸಿ ಕಳಿಸಿ, ಇಲ್ಲವೇ ಮೇಲ್ ಮಾಡಿ. ಎಷ್ಟು ದೊಡ್ಡ ಪ್ರಿಂಟು?

ಮೂಡಿಗೆರೆ ಮೊಮ್ಮಗ

12 x 18 ಇಂಚು ಅಂದಿದ್ದಾರೆ.

ಅರಸೀಕೆರೆ ಲಿನಕ್ಸ್

ಇಂಚಿಗೆ 300 ಲೆಕ್ಕದಲ್ಲಿ 3600 x 5400 ಪಿಕ್ಸೆಲ್ ಬೇಕು. ತಾತನ ಫೋಟೋವನ್ನು ಫೋನಲ್ಲಿ ತೆಗೆದಿದ್ದರೆ ಬೇಡ. ಸ್ಕ್ಯಾನರ್‌ನಲ್ಲಿ 600ರಲ್ಲಿ ಮಾಡಿಸಿ. ಗಾಜಿನ ಕಟ್ಟಿನಿಂದ ತೆಗೆಯುವಾಗ ಹುಷಾರು, ಮಲೆನಾಡಿನ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಂಡಿರುತ್ತದೆ.

ಹಾಸನ ಹಳೇ ಸ್ಟುಡಿಯೋ

ಅಂಟಿಕೊಂಡಿದ್ದರೆ ಎಳೆಯಲೇಬೇಡ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸು. ಎಳೆದರೆ ಮುಖವೇ ಗಾಜಿಗೆ ಉಳಿಯುತ್ತದೆ. ಗಾಜನ್ನು ಹೊರಗಿನಿಂದ ಒರೆಸಿದರೆ ಸಾಕು. ಪ್ರಿಂಟು ಮ್ಯಾಟ್ ಹಾಳೆಯಲ್ಲಿ ಹಾಕಿಸೋದಕ್ಕೆ ಚಿಕ್ಕಪ್ಪನಿಗೆ ಹೇಳು, ಹೊಳಪಿನ ಹಾಳೆ ಹಳೇ ಮುಖಕ್ಕೆ ಹೊಂದೋದಿಲ್ಲ.

ದೂರದೂರಿನವನು

ತಿದ್ದದ ಫೋಟೋವನ್ನೂ ಕಳಿಸಿದಿರಾ?

ಮೂಡಿಗೆರೆ ಮೊಮ್ಮಗ

ಅಜ್ಜಿಯನ್ನು ಕೇಳಿದೆ ಅಣ್ಣ. ಬೇಡ ಅಂದುಬಿಟ್ಟರು. "ಅವನಿಗೆ ಗೊತ್ತಾಗಬೇಕಾದ್ದು ಏನಾದರೂ ಇದ್ದರೆ ನಾನೇ ಹೇಳ್ತೀನಿ" ಅಂತ. ಅವರು ಬೇಡ ಅಂದ ಮೇಲೆ ನಾನು ಕಳಿಸೋದು ಸರಿ ಅನ್ನಿಸಲಿಲ್ಲ.

ದೂರದೂರಿನವನು

ನಮ್ಮಮ್ಮನೂ ಹಾಗೇ ಅನ್ನುತ್ತಿದ್ದರು, ಹೇಳಲಿಲ್ಲ. ನಾನಾಗಿದ್ದರೆ ಕಳಿಸುತ್ತಿದ್ದೆ.

ಬೇಲೂರು ಸುಮಕ್ಕ

ನಾನು ಕಳಿಸುತ್ತಿರಲಿಲ್ಲ. ಮುಖ ಅವರದ್ದು.

ಕೊಪ್ಪದ ಕಮಲಮ್ಮ

ಕಟ್ಟು ಮಾತ್ರ ಎರಡು ಬೇರೆ ಹಾಕಿಸಿ ಅಂತ ಚಿಕ್ಕಪ್ಪನಿಗೆ ಒಂದು ಮಾತು ಹೇಳಿ ನೋಡಿ.

ಮೂಡಿಗೆರೆ ಮೊಮ್ಮಗ

ಹೇಳುತ್ತೇನೆ ಅಮ್ಮ. ನಾಳೆ ಚಿಕ್ಕಮಗಳೂರಿಗೆ ಹೋಗಿ ತಾತನದನ್ನು ಸ್ಕ್ಯಾನ್ ಮಾಡಿಸಿಕೊಂಡು ಬಂದು ಎರಡನ್ನೂ ಬೇರೆ ಬೇರೆ ಫೈಲ್ ಆಗಿಯೂ, ಸೇರಿಸಿಯೂ ಕಳಿಸುತ್ತೇನೆ. ಅವರು ಯಾವುದು ಬೇಕೋ ಹಾಕಿಸಿಕೊಳ್ಳಲಿ.